ಆಪತ್ತಿಗೆಂದು ಕೂಡಿಟ್ಟ ಹಣ ಶನಿವಾರ ರಾತ್ರಿ ಕೈಗೆ ಬರುತ್ತದೆಯೇ?

ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ ವರ್ಷವಿಡೀ ಉಳಿತಾಯ ಖಾತೆಯಲ್ಲೇ ಇದ್ದರೆ, ಶೇ 2.5ರ ಲೆಕ್ಕದಲ್ಲಿ ಬರುವ ಬಡ್ಡಿ 6,000 ರೂಪಾಯಿ. ಅದೇ ಹಣ ಶೇ 6 ಕೊಡುವ ಕಡೆ ಇದ್ದಿದ್ದರೆ 14,400 ಬರುತ್ತಿತ್ತು. ವ್ಯತ್ಯಾಸ 8,400 ರೂಪಾಯಿ, ತಿಂಗಳಿಗೆ 700. ಆಪತ್ಕಾಲದ ಹಣವನ್ನು ಎಲ್ಲಿಡಬೇಕು ಎಂಬ ಇಡೀ ಚರ್ಚೆ ನಡೆಯುವುದು ಈ ಏಳುನೂರು ರೂಪಾಯಿಯ ಸುತ್ತ. ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ, ಅವರು ಹೇಳುತ್ತಿರುವುದು ಆಪತ್ತಿನ ಹಣದ ವಿಷಯವನ್ನಲ್ಲ, ಹೂಡಿಕೆಯ ವಿಷಯವನ್ನು.

ಏಳುನೂರು ಸಣ್ಣ ಮೊತ್ತವೇನಲ್ಲ. ಒಂದು ಮನೆಯ ತಿಂಗಳ ಕರೆಂಟು ಬಿಲ್ಲಿಗೆ ಅದು ಸಾಕು. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಯ ಬಡ್ಡಿಯನ್ನು ಶೇ 2.5ಕ್ಕೆ ಇಳಿಸಿದ ಮೇಲಂತೂ ಅಲ್ಲಿ ಇಟ್ಟ ಹಣ ಸುಮ್ಮನೆ ಕರಗುತ್ತಿದೆ ಅನ್ನಿಸುವುದು ಸಹಜ. ಆದರೆ ಆ ಏಳುನೂರನ್ನು ಹಿಡಿಯಲು ಹೋಗಿ ಹಣವನ್ನು ಎಷ್ಟು ದೂರ ಇಡಬಹುದು ಎಂಬುದಕ್ಕೆ ಒಂದು ಗಡಿ ಇದೆ. ಆ ಗಡಿ ಎಲ್ಲಿದೆ ಎಂದು ಬಡ್ಡಿ ದರದ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಶನಿವಾರ ರಾತ್ರಿ ಹತ್ತು ಗಂಟೆಗೆ ಬೇಕೆಂದರೆ ಈ ಹಣ ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಗೆ ಬರುತ್ತದೆ?

ಹುಬ್ಬಳ್ಳಿಯ ಒಂದು ಕುಟುಂಬವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಗಂಡ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಂಡತಿ ಮನೆಯಲ್ಲೇ ಬ್ಲೌಸು, ಚೂಡಿದಾರ್ ಹೊಲಿದು ಸಂಪಾದಿಸುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ. ತಿಂಗಳಿಗೆ ಬಿಡಲಾಗದ ಖರ್ಚುಗಳು ಹೀಗಿವೆ: ಬಾಡಿಗೆ 11,000, ದಿನಸಿ, ಹಾಲು, ತರಕಾರಿ, ಗ್ಯಾಸ್ ಸೇರಿ 10,000, ಸಾಲದ ಕಂತು 8,000, ಮಕ್ಕಳ ಫೀಸು 5,000, ಕರೆಂಟು, ಫೋನು, ಪೆಟ್ರೋಲಿಗೆ 4,000, ಅತ್ತೆಯ ಮಾತ್ರೆಗೆ 2,000. ಒಟ್ಟು 40,000. ಹಬ್ಬ, ಬಟ್ಟೆ, ಹೋಟೆಲು ಇದರಲ್ಲಿಲ್ಲ. ಕೆಲಸ ಹೋದ ತಿಂಗಳಲ್ಲಿ ಅವು ತಾವಾಗಿಯೇ ನಿಲ್ಲುತ್ತವೆ. ಆರು ತಿಂಗಳಿಗೆ 2,40,000. ಇವರು ಇಷ್ಟನ್ನು ಕಷ್ಟಪಟ್ಟು ಕೂಡಿಸಿದ್ದಾರೆ ಎಂದುಕೊಳ್ಳೋಣ. ಇನ್ನು ಅದನ್ನು ಇಡುವ ಜಾಗ.

ಈ ಹಣಕ್ಕೆ ಎರಡು ಬಗೆಯ ಕೆಲಸ ಬೀಳುತ್ತದೆ. ಎರಡರ ವೇಗವೂ ಬೇರೆ. ಕೆಲಸ ಹೋದರೆ ಹಣ ಬೇಕಾಗುವುದು ತಿಂಗಳಿಗೊಮ್ಮೆ, ನಿಧಾನವಾಗಿ. ಎರಡು ದಿನ ತಡವಾಗಿ ಬಂದರೂ ಮಾಲೀಕರು ಮನೆಯಿಂದ ಹೊರಗೆ ಹಾಕುವುದಿಲ್ಲ. ಆಸ್ಪತ್ರೆಯ ವಿಷಯ ಹಾಗಲ್ಲ. ವಿಮೆ ಇದ್ದರೂ ಅನುಮತಿ ಬರುವವರೆಗೆ ಮುಂಗಡ ಕಟ್ಟಿ ಎನ್ನುತ್ತಾರೆ, ಅದೂ ಅರ್ಧ ಗಂಟೆಯಲ್ಲಿ. ಹಾಗಾಗಿ ಇಡೀ 2.4 ಲಕ್ಷ ಒಂದೇ ವೇಗದಲ್ಲಿ ಬರಬೇಕಿಲ್ಲ. ಒಂದು ಭಾಗ ನಿಮಿಷದಲ್ಲಿ, ಇನ್ನೊಂದು ಗಂಟೆಯಲ್ಲಿ, ಉಳಿದದ್ದು ಎರಡು ಮೂರು ದಿನದಲ್ಲಿ ಬಂದರೂ ನಡೆಯುತ್ತದೆ.

ನಿಮಿಷದಲ್ಲಿ ಬರಬೇಕಾದ ಭಾಗಕ್ಕೆ ಉಳಿತಾಯ ಖಾತೆಯೇ ಸರಿ. ನಮ್ಮ ಕುಟುಂಬ ಇದಕ್ಕೆ 60,000 ತೆಗೆದಿಡಲಿ. ಬಡ್ಡಿ 1,500 ಅಷ್ಟೇ ಎಂದು ಮುಖ ಗಂಟಿಕ್ಕಬೇಕಾಗಿಲ್ಲ. ಇದೇ 60,000ವನ್ನು ಶೇ 6ಕ್ಕೆ ಇಟ್ಟಿದ್ದರೆ 3,600 ಬರುತ್ತಿತ್ತು; ಕಳೆದುಕೊಂಡದ್ದು ವರ್ಷಕ್ಕೆ 2,100, ತಿಂಗಳಿಗೆ 175 ರೂಪಾಯಿ. ನಡುರಾತ್ರಿ ಯಾರ ಬಾಗಿಲನ್ನೂ ಬಡಿಯದೆ ಅರವತ್ತು ಸಾವಿರ ಕಟ್ಟುವ ಶಕ್ತಿಗೆ ಅದು ಬೆಲೆ. ನನ್ನ ಲೆಕ್ಕದಲ್ಲಿ ಅಗ್ಗವೇ.

ಆದರೆ ಯಾವ ಉಳಿತಾಯ ಖಾತೆ ಎಂಬುದು ಮುಖ್ಯ. ದಿನವೂ ತರಕಾರಿಗೆ, ಆಟೋಗೆ ಫೋನಿನಿಂದ ಸ್ಕ್ಯಾನ್ ಮಾಡುವ ಖಾತೆಯಲ್ಲೇ ಈ ಹಣ ಇರುವುದು ಬೇಡ. ಕೈ ಹೋಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸೈಬರ್ ವಂಚನೆಯ ಹಣ ಕೈಯಿಂದ ಕೈಗೆ ದಾಟುತ್ತಾ ಹೋದಾಗ, ಅದು ಹಾದುಹೋದ ಖಾತೆಗಳನ್ನೆಲ್ಲ ಪೊಲೀಸರ ಸೂಚನೆಯಂತೆ ಬ್ಯಾಂಕುಗಳು ತಡೆಹಿಡಿಯುತ್ತವೆ. ಗೊತ್ತಿಲ್ಲದ ಗಿರಾಕಿಯೊಬ್ಬ ಬ್ಲೌಸ್ ಹೊಲಿದದ್ದಕ್ಕೆ ಕಳಿಸಿದ ಐನೂರು ರೂಪಾಯಿಯೇ ಅಂಥ ಹಣವಾಗಿದ್ದರೆ, ಬೇರೆ ರಾಜ್ಯದ ಠಾಣೆಯೊಂದರ ದೂರಿನ ಮೇಲೆ ನಿಮ್ಮ ಖಾತೆಗೆ ಬೀಗ ಬೀಳಬಹುದು. ತೆಗೆಸಲು ವಾರಗಟ್ಟಲೆ ಓಡಾಡಬೇಕು. ದಿನನಿತ್ಯದ ಖಾತೆ ಒಂದು ಬ್ಯಾಂಕಿನಲ್ಲಿ, ಆಪತ್ತಿನ ಖಾತೆ ಇನ್ನೊಂದು ಬ್ಯಾಂಕಿನಲ್ಲಿ ಇದ್ದರೆ ಒಂದು ಸಿಕ್ಕಿಕೊಂಡರೂ ಇನ್ನೊಂದು ನಡೆಯುತ್ತದೆ. ಈ ಎರಡನೆಯ ಖಾತೆಯ ಡೆಬಿಟ್ ಕಾರ್ಡನ್ನು ಆಸ್ಪತ್ರೆಯ ಕೌಂಟರಿನಲ್ಲಿ ಉಜ್ಜಿದರೆ ಆಯಿತು, ಯುಪಿಐ ಜೋಡಿಸಲೇಬೇಕೆಂದಿಲ್ಲ. ಕಾರ್ಡಿಗೆ ದಿನಕ್ಕೆ ಎಷ್ಟು ಮಿತಿ ಇದೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಎಟಿಎಂನಲ್ಲಿ ತೆಗೆಯುವ ಮಿತಿ ಬೇರೆ, ಅಂಗಡಿಯಲ್ಲಿ ಉಜ್ಜುವ ಮಿತಿ ಬೇರೆ. ಯುಪಿಐಯಲ್ಲಿ ಸಾಮಾನ್ಯ ಪಾವತಿಗೆ ದಿನಕ್ಕೆ ಒಂದು ಲಕ್ಷದ ಮಿತಿ, ಆಸ್ಪತ್ರೆಗಾದರೆ ಐದು ಲಕ್ಷದವರೆಗೆ ಅವಕಾಶ. ಹೊಸ ಫೋನಿಗೆ ಆ್ಯಪ್ ಹಾಕಿಕೊಂಡ ಮೊದಲ ದಿನ ಮಾತ್ರ ಮಿತಿ ತೀರಾ ಕಡಿಮೆ ಇರುತ್ತದೆ.

ಹೆಚ್ಚು ಬಡ್ಡಿ ಕೊಡುವ ಉಳಿತಾಯ ಖಾತೆಗಳೂ ಇವೆ. ಅಂಚೆ ಕಚೇರಿ ಶೇ 4 ಕೊಡುತ್ತದೆ. ಕೆಲವು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ಅದಕ್ಕಿಂತಲೂ ಹೆಚ್ಚು ಕೊಡುತ್ತವೆ. ಅವೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದವು, ಅಲ್ಲಿಯೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ದರ ನೋಡುವಾಗ ಒಂದು ಎಚ್ಚರ: ದೊಡ್ಡ ಅಕ್ಷರದಲ್ಲಿ ಹಾಕಿದ ದರ ಸಾಮಾನ್ಯವಾಗಿ ಲಕ್ಷಗಳ ಮೇಲಿನ ಮೊತ್ತಕ್ಕೆ. ಅರವತ್ತು ಸಾವಿರಕ್ಕೆ ಸಿಗುವ ದರ ಪಟ್ಟಿಯ ಮೊದಲ ಸಾಲಿನಲ್ಲಿರುತ್ತದೆ, ಅದು ಅಷ್ಟೇನೂ ಆಕರ್ಷಕವಲ್ಲ.

ವಿಮೆ ಇದೆ ಎಂಬ ಮಾತಿಗೂ ಒಂದು ಮಿತಿ ಇದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಅದು ಗೊತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಒಬ್ಬರು ತೆಗೆಯಬಹುದಾಗಿದ್ದ ಹಣ 35,000 ರೂಪಾಯಿಗೆ ಇಳಿಯಿತು. ಬೇರೆಡೆಗಿಂತ ಹೆಚ್ಚು ಬಡ್ಡಿ ಬರುತ್ತದೆಂದು ಅಲ್ಲಿ ನಿವೃತ್ತಿಯ ಹಣವನ್ನೆಲ್ಲ ಇಟ್ಟವರಿದ್ದರು. ಅದಾದ ಎರಡೇ ತಿಂಗಳಲ್ಲಿ ಖಾಸಗಿ ವಲಯದ ಯೆಸ್ ಬ್ಯಾಂಕಿನ ಗ್ರಾಹಕರಿಗೂ 50,000 ರೂಪಾಯಿಯ ಮಿತಿ ಬಂತು, ಅದು ಕೆಲವೇ ದಿನಗಳಲ್ಲಿ ತೆರವಾಯಿತು. 2021ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂದಾಯಿತು. ಇದು ದೊಡ್ಡ ಸುಧಾರಣೆಯೇ. ಆದರೆ ಆಸ್ಪತ್ರೆಯ ಮುಂಗಡ ತೊಂಬತ್ತು ದಿನ ಕಾಯುವುದಿಲ್ಲ. ಇನ್ನು ಸೌಹಾರ್ದ ಮತ್ತು ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳೇ ಅಲ್ಲ. ಅಲ್ಲಿನ ಠೇವಣಿಗೆ ಈ ವಿಮೆಯೂ ಇಲ್ಲ. ಊರಿನ ಸಂಘದಲ್ಲಿ ಪರಿಚಯದವರೇ ನಿರ್ದೇಶಕರು, ಶೇ 9 ಕೊಡುತ್ತಾರೆ ಎಂಬ ಕಾರಣಕ್ಕೆ ಆಪತ್ತಿನ ಹಣವನ್ನು ಅಲ್ಲಿಡುವುದನ್ನು ನಾನು ಒಪ್ಪುವುದಿಲ್ಲ. ಚೀಟಿಯ ಮಾತಂತೂ ಬೇಡ. ಹರಾಜಿನಲ್ಲಿ ಎಷ್ಟಕ್ಕೆ ಕೂಗಬೇಕು ಎಂಬ ಲೆಕ್ಕಾಚಾರ ಮಾಡುವ ಸ್ಥಿತಿಯಲ್ಲಿ ಆಪತ್ತಿಗೆ ಸಿಕ್ಕವರು ಇರುವುದಿಲ್ಲ.

ಎರಡನೆಯ ಭಾಗ ಬ್ಯಾಂಕಿನ ಎಫ್‌ಡಿ. ಇಲ್ಲಿ ಹೆಚ್ಚಿನವರು ತಲೆಕೆಳಗಾಗಿ ಯೋಚಿಸುತ್ತಾರೆ. ಹಣ ಯಾವಾಗ ಬೇಕಾದರೂ ಬೇಕಾಗಬಹುದು, ಹಾಗಾಗಿ ಮೂವತ್ತು ದಿನದ ಎಫ್‌ಡಿ ಮಾಡಿ ಮತ್ತೆ ಮತ್ತೆ ಮುಂದುವರಿಸೋಣ ಎಂಬುದು ಅವರ ತರ್ಕ. ಕೇಳಲು ಸರಿಯೆನ್ನಿಸುತ್ತದೆ. ಆದರೆ ದರದ ಪಟ್ಟಿ ನೋಡಿ: ದೊಡ್ಡ ಬ್ಯಾಂಕುಗಳಲ್ಲಿ ಏಳು ದಿನದಿಂದ ಒಂದೂವರೆ ತಿಂಗಳವರೆಗಿನ ಠೇವಣಿಗೆ ಸಿಗುವುದು ಶೇ 3ರ ಆಸುಪಾಸು, ಉಳಿತಾಯ ಖಾತೆಗಿಂತ ಅರ್ಧ ಶೇಕಡಾ ಹೆಚ್ಚು. ವರ್ಷಪೂರ್ತಿ ಮೂವತ್ತು ದಿನಗಳ ಠೇವಣಿಯನ್ನೇ ಉರುಳಿಸುತ್ತಾ ಹೋದವರು ಪಡೆಯುವುದು ಅಷ್ಟೇ. ಒಂದು ವರ್ಷದ ಠೇವಣಿ ಮಾಡಿ, ಬೇಕಾದರೆ ಮುರಿಯುವುದು ಅದಕ್ಕಿಂತ ಎಷ್ಟೋ ಲೇಸು.

ಎಫ್‌ಡಿ ಮುರಿದರೆ ಬಡ್ಡಿಯೆಲ್ಲ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನಿಜವಾಗಿ ನಡೆಯುವುದು ಹೀಗೆ. ಅವಧಿಗೆ ಮೊದಲೇ ಮುರಿದರೆ ಬ್ಯಾಂಕು ಮೊದಲು ಒಪ್ಪಿದ ದರವನ್ನು ಬಿಟ್ಟು, ಹಣ ಎಷ್ಟು ದಿನ ಇತ್ತೋ ಅಷ್ಟು ದಿನದ ಠೇವಣಿಗೆ ಇದ್ದ ದರವನ್ನು ಹಿಡಿಯುತ್ತದೆ. ಅದರಲ್ಲಿ ಅರ್ಧ ಅಥವಾ ಒಂದು ಶೇಕಡಾ ದಂಡವಾಗಿ ಕಳೆಯುತ್ತದೆ. ಅಸಲಿಗೆ ಕೈ ಹಾಕುವುದಿಲ್ಲ. ಏಳು ದಿನಕ್ಕೂ ಮೊದಲು ಮುರಿದರೆ ಮಾತ್ರ ಬಡ್ಡಿಯೇ ಇಲ್ಲ.

ನಮ್ಮ ಕುಟುಂಬ ಒಂದು ಲಕ್ಷ ರೂಪಾಯಿಯನ್ನು ಶೇ 6ರ ದರದಲ್ಲಿ ಒಂದು ವರ್ಷಕ್ಕೆ ಇಟ್ಟಿದೆ, ಒಂದೇ ಎಫ್‌ಡಿಯಾಗಿ ಅಲ್ಲ, 25,000ದ ನಾಲ್ಕು ಎಫ್‌ಡಿಗಳಾಗಿ. ಐದು ತಿಂಗಳು ಕಳೆದ ಮೇಲೆ, 150ನೇ ದಿನ, ಒಂದನ್ನು ಮುರಿಯಬೇಕಾಯಿತು. ಆ ಅವಧಿಯ ದರ ಶೇ 5, ದಂಡ ಅರ್ಧ ಶೇಕಡಾ ಎಂದಿಟ್ಟುಕೊಂಡರೆ ಸಿಗುವುದು ಶೇ 4.5. ಬಡ್ಡಿ 462 ರೂಪಾಯಿ. ಮುರಿಯದೆ ಇದ್ದಿದ್ದರೆ ಅಷ್ಟೇ ದಿನಕ್ಕೆ 616 ಆಗುತ್ತಿತ್ತು. ನಷ್ಟ 154 ರೂಪಾಯಿ. ಉಳಿದ ಮೂರು ಎಫ್‌ಡಿಗಳು ಶೇ 6ರಲ್ಲೇ ಮುಂದುವರಿಯುತ್ತವೆ. ಒಂದು ಲಕ್ಷದ ಒಂದೇ ಎಫ್‌ಡಿಯನ್ನು ಮುರಿದಿದ್ದರೆ ಇದರ ನಾಲ್ಕು ಪಟ್ಟು ಹೋಗುತ್ತಿತ್ತು. ಹಾಗೆ ನೋಡಿದರೆ, ಮೂವತ್ತನೇ ದಿನವೇ ಮುರಿದರೂ ಶೇ 3ರಲ್ಲಿ ಅರ್ಧ ಕಳೆದು ಶೇ 2.5 ಬರುತ್ತದೆ, ಅಂದರೆ ಉಳಿತಾಯ ಖಾತೆಯಲ್ಲಿ ಇದ್ದಿದ್ದರೆ ಬರುತ್ತಿದ್ದಷ್ಟೇ.

ಮುರಿಯುವ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದು ಎಫ್‌ಡಿಯನ್ನು ಹೇಗೆ ಮಾಡಿದ್ದೀರಿ ಎಂಬುದನ್ನು ಅವಲಂಬಿಸಿದೆ. ಬ್ಯಾಂಕಿನ ಆ್ಯಪ್‌ನಲ್ಲೋ ನೆಟ್‌ ಬ್ಯಾಂಕಿಂಗ್‌ನಲ್ಲೋ ಒಬ್ಬರ ಹೆಸರಿನಲ್ಲಿ ಮಾಡಿದ ಎಫ್‌ಡಿಯನ್ನು ಹೆಚ್ಚಿನ ಬ್ಯಾಂಕುಗಳಲ್ಲಿ ಅಲ್ಲೇ ಮುರಿಯಬಹುದು, ಹಣ ಉಳಿತಾಯ ಖಾತೆಗೆ ಆಗಲೇ ಬೀಳುತ್ತದೆ. ಶಾಖೆಗೆ ಹೋಗಿ ರಸೀದಿ ಪಡೆದು ಮಾಡಿದ ಎಫ್‌ಡಿಗೆ ಮತ್ತೆ ಶಾಖೆಗೇ ಹೋಗಬೇಕಾಗಬಹುದು. ಎರಡನೇ ಮತ್ತು ನಾಲ್ಕನೇ ಶನಿವಾರ ಬಾಗಿಲು ಮುಚ್ಚಿರುತ್ತದೆ. ಜಂಟಿ ಎಫ್‌ಡಿಯಲ್ಲಿ ಇನ್ನೊಂದು ಗಂಟಿದೆ. ‘ಇಬ್ಬರಲ್ಲಿ ಒಬ್ಬರು’ ಎಂದು ಬರೆಸಿದ್ದರೂ ಆ ಅಧಿಕಾರ ಅವಧಿ ಮುಗಿದ ಮೇಲೆ ಹಣ ಪಡೆಯುವುದಕ್ಕೆ. ಅವಧಿಗೆ ಮೊದಲು ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಒಬ್ಬರು ಐಸಿಯುನಲ್ಲಿದ್ದಾಗ ಇನ್ನೊಬ್ಬರು ಸಹಿ ಎಲ್ಲಿಂದ ತರಬೇಕು? ಹಾಗಾಗಿ ಜಂಟಿ ಎಫ್‌ಡಿಗಿಂತ ಗಂಡನ ಹೆಸರಲ್ಲಿ ಎರಡು, ಹೆಂಡತಿಯ ಹೆಸರಲ್ಲಿ ಎರಡು ಇಡುವುದು ಈ ಕೆಲಸಕ್ಕೆ ಹೆಚ್ಚು ಹೊಂದುತ್ತದೆ. ತೆರಿಗೆ ಉಳಿಸಲು ಮಾಡುವ ಐದು ವರ್ಷದ ಎಫ್‌ಡಿಯನ್ನು ಮುರಿಯಲು ಬರುವುದಿಲ್ಲ ಎಂಬುದು ನೆನಪಿರಲಿ. ಅಂಚೆ ಕಚೇರಿಯ ಒಂದು ವರ್ಷದ ಠೇವಣಿಗೆ 2025ರಲ್ಲಿ ಶೇ 6.9 ಇತ್ತು, ಸುರಕ್ಷತೆಯ ಬಗ್ಗೆ ಮಾತೇ ಇಲ್ಲ. ಆದರೆ ಮೊದಲ ಆರು ತಿಂಗಳು ಅದನ್ನು ಮುಟ್ಟುವಂತಿಲ್ಲ. ಅದು ಒಳ್ಳೆಯ ಠೇವಣಿ. ಆಪತ್ತಿಗೆ ಮಾತ್ರ ಒದಗುವುದಿಲ್ಲ.

ಇಷ್ಟೆಲ್ಲ ಯಾಕೆ, ಬ್ಯಾಂಕಿನವರೇ ಆಟೊ ಸ್ವೀಪ್ ಕೊಡುತ್ತಾರಲ್ಲ ಎಂದು ಕೆಲವರು ಕೇಳಬಹುದು. ಉಳಿತಾಯ ಖಾತೆಯಲ್ಲಿ ಒಂದು ಮಿತಿ ದಾಟಿದ ಹಣ ತಾನಾಗಿಯೇ ಎಫ್‌ಡಿಯಾಗುತ್ತದೆ, ಕಾರ್ಡು ಉಜ್ಜಿದಾಗ ಹಣ ಸಾಲದಿದ್ದರೆ ಬೇಕಾದಷ್ಟು ಮಾತ್ರ ಮುರಿದು ಬರುತ್ತದೆ. ಸ್ಟೇಟ್ ಬ್ಯಾಂಕಿನ ಮಲ್ಟಿ ಆಪ್ಷನ್ ಡಿಪಾಸಿಟ್‌ನಲ್ಲಿ ಸಾವಿರದ ತುಂಡುಗಳಾಗಿ ಮುರಿಯುತ್ತದೆ. ವೇಗದಲ್ಲಿ ಇದನ್ನು ಮೀರಿಸಿದ್ದು ಇಲ್ಲ, ಫೋನಿನಲ್ಲಿ ಏನೂ ಒತ್ತಬೇಕಿಲ್ಲ. ಆದರೆ ಆ ವೇಗ ಕಳ್ಳನಿಗೂ ಅಷ್ಟೇ ಒದಗುತ್ತದೆ. ಖಾತೆಗೆ ಕನ್ನ ಹಾಕಿದವನಿಗೆ ಬಾಕಿ ಹಣದ ಜೊತೆಗೆ ಎಫ್‌ಡಿಗಳೂ ಒಂದೊಂದಾಗಿ ಮುರಿದು ಸಿಗುತ್ತವೆ. ಸ್ವೀಪ್ ಬೇಕೆಂದರೆ ಯುಪಿಐ ಇಲ್ಲದ ಆ ಎರಡನೆಯ ಖಾತೆಗೆ ಹಾಕಿಸಿಕೊಳ್ಳಿ. ಎಫ್‌ಡಿ ಎಷ್ಟು ಅವಧಿಗೆ ಆಗುತ್ತದೆ ಎಂದೂ ಕೇಳಿ. ಚಿಕ್ಕ ಅವಧಿಗೆ ಆಗುವುದಾದರೆ ಬಡ್ಡಿಯೂ ಚಿಕ್ಕದೇ.

ಉಳಿದದ್ದು 80,000. ಇದು ಲಿಕ್ವಿಡ್ ಫಂಡಿಗೆ. ಮ್ಯೂಚುವಲ್ ಫಂಡ್ ಎಂದೊಡನೆ ಷೇರುಪೇಟೆ ನೆನಪಾಗುತ್ತದೆ, ಆದರೆ ಇಲ್ಲಿ ಷೇರಿನ ಸುಳಿವೂ ಇಲ್ಲ. ಈ ಫಂಡು ಸರ್ಕಾರದ ಟ್ರೆಷರಿ ಬಿಲ್ಲು, ಬ್ಯಾಂಕುಗಳ ಸರ್ಟಿಫಿಕೇಟ್ ಆಫ್ ಡಿಪಾಸಿಟ್, ಕಂಪನಿಗಳ ಕಮರ್ಷಿಯಲ್ ಪೇಪರು ಇಂಥವನ್ನು ಕೊಳ್ಳುತ್ತದೆ. ಎಲ್ಲವೂ 91 ದಿನಗಳೊಳಗೆ ಹಣ ಮರಳಿಸುವಂಥವು. ಸಾಲದ ಅವಧಿ ಇಷ್ಟು ಕಡಿಮೆ ಇರುವುದರಿಂದ ಬಡ್ಡಿ ದರ ಏರಿದರೂ ಇಳಿದರೂ ಯೂನಿಟ್ಟಿನ ಬೆಲೆ ಹೆಚ್ಚು ಅಲುಗುವುದಿಲ್ಲ, ದಿನವೂ ಚೂರುಚೂರೇ ಏರುತ್ತದೆ. ರಿಸರ್ವ್ ಬ್ಯಾಂಕಿನ ರೆಪೊ ದರ ಎಲ್ಲಿದೆಯೋ ಅದರ ಹತ್ತಿರವೇ ಇದರ ಗಳಿಕೆಯೂ ಸುಳಿಯುತ್ತದೆ. 2025ರಲ್ಲಿ ರೆಪೊ ಶೇ 6.5ರಿಂದ ಇಳಿಯುತ್ತಾ ಶೇ 5.25ಕ್ಕೆ ಬಂದಾಗ ಲಿಕ್ವಿಡ್ ಫಂಡುಗಳ ಗಳಿಕೆಯೂ ಹಿಂದೆಯೇ ಇಳಿಯಿತು. ಎಫ್‌ಡಿಯಲ್ಲಾದರೆ ಒಪ್ಪಿದ ದರ ವರ್ಷವಿಡೀ ನಿಲ್ಲುತ್ತದೆ. ಇಲ್ಲಿ ಆ ಮಾತು ಯಾರೂ ಕೊಡುವುದಿಲ್ಲ.

ತೆಗೆಯುವ ವೇಗ ಹೇಗೆ? ಕೆಲಸದ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕೋರಿಕೆ ಸಲ್ಲಿಸಿದರೆ ಮುಂದಿನ ಕೆಲಸದ ದಿನ ಹಣ ಖಾತೆಗೆ ಬರುತ್ತದೆ. ಶುಕ್ರವಾರ ಮೂರು ಗಂಟೆ ದಾಟಿತೆಂದರೆ ಅದು ಸೋಮವಾರದ ಕೋರಿಕೆ, ಹಣ ಬರುವುದು ಮಂಗಳವಾರ. ಸೋಮವಾರ ರಜೆಯಾದರೆ ಬುಧವಾರ. ನಮ್ಮ ಶನಿವಾರ ರಾತ್ರಿಯ ಲೆಕ್ಕದಲ್ಲಿ ಇದು ಎರಡೂವರೆ ಮೂರು ದಿನ. ಇದಕ್ಕೊಂದು ಒಳದಾರಿ ಇದೆ. 2017ರಲ್ಲಿ ಸೆಬಿ ಕೊಟ್ಟ ಅನುಮತಿಯಂತೆ ಹಲವು ಫಂಡ್ ಸಂಸ್ಥೆಗಳು ತಕ್ಷಣ ಹಣ ಕೊಡುವ ಸೌಲಭ್ಯ ಇಟ್ಟಿವೆ. ದಿನಕ್ಕೆ 50,000 ರೂಪಾಯಿ ಅಥವಾ ನಿಮ್ಮ ಹೂಡಿಕೆಯ ಶೇ 90, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು, ರಜೆಯ ದಿನವಾದರೂ ನಿಮಿಷಗಳಲ್ಲಿ ಬರುತ್ತದೆ. 80,000 ಇಟ್ಟವರಿಗೆ ಆ ರಾತ್ರಿಯೇ 50,000 ಸಿಗುತ್ತದೆ. ಎಲ್ಲ ಫಂಡ್ ಸಂಸ್ಥೆಗಳೂ ಇದನ್ನು ಕೊಡುವುದಿಲ್ಲ. ಕೊಡುವ ಸಂಸ್ಥೆಯಲ್ಲೂ ಬೇರೆ ಆ್ಯಪ್ ಮೂಲಕ ಹೂಡಿದವರಿಗೆ ಆ ಗುಂಡಿ ಕಾಣದಿರಬಹುದು. ಹಣ ಹಾಕುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಖರ್ಚು ಲೆಕ್ಕಕ್ಕೇ ಬರದಷ್ಟು ಸಣ್ಣದು. ಕೊಳ್ಳುವಾಗ ಮುದ್ರಾಂಕ ಶುಲ್ಕ 80,000ಕ್ಕೆ ನಾಲ್ಕು ರೂಪಾಯಿ. ಏಳು ದಿನಕ್ಕೆ ಮೊದಲು ತೆಗೆದರೆ ಚಿಕ್ಕ ದಂಡವಿದೆ. ಮೊದಲ ದಿನವೇ ತೆಗೆದರೂ ಅದು 5 ರೂಪಾಯಿ 60 ಪೈಸೆ ದಾಟುವುದಿಲ್ಲ. ಏಳನೇ ದಿನದಿಂದ ಏನೂ ಇಲ್ಲ. ಮಧ್ಯವರ್ತಿಯ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಯನ್ನೇ ಆಯ್ದುಕೊಳ್ಳಿ. ಗಳಿಕೆಯೇ ಶೇ 6ರ ಆಸುಪಾಸಿನಲ್ಲಿರುವಾಗ ಅದರಲ್ಲಿ ಕಾಲು ಶೇಕಡಾ ಬಿಟ್ಟುಕೊಡುವುದೂ ದುಬಾರಿಯೇ.

ಇನ್ನು ಅಪಾಯದ ಮಾತು. ಲಿಕ್ವಿಡ್ ಫಂಡಿಗೆ ಠೇವಣಿ ವಿಮೆ ಇಲ್ಲ. 2017ರ ಫೆಬ್ರುವರಿಯಲ್ಲಿ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಎಂಬ ಕಾಗದದ ಕಂಪನಿಯ ಸಾಲದ ದರ್ಜೆ ದಿಢೀರನೆ ಕುಸಿದಾಗ, ಅದರ ಪೇಪರು ಕೊಂಡಿದ್ದ ಟಾರಸ್ ಲಿಕ್ವಿಡ್ ಫಂಡಿನ ಬೆಲೆ ಒಂದೇ ದಿನ ಶೇ 7ರಷ್ಟು ಬಿತ್ತು. ವರ್ಷದ ಗಳಿಕೆ ಒಂದು ಬೆಳಿಗ್ಗೆಗೆ ಮಾಯ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಮುಗ್ಗರಿಸಿದಾಗಲೂ ಅದರ ಪೇಪರು ಹೊಂದಿದ್ದ ಕೆಲವು ಲಿಕ್ವಿಡ್ ಫಂಡುಗಳಿಗೆ ಏಟು ಬಿತ್ತು. ಅದಾದ ಮೇಲೆ ಸೆಬಿ ನಿಯಮ ಬಿಗಿ ಮಾಡಿ, ಹೂಡಿಕೆಯ ಕನಿಷ್ಠ ಐದನೇ ಒಂದು ಭಾಗ ನಗದು, ಸರ್ಕಾರಿ ಸಾಲಪತ್ರ ಮುಂತಾದ ತಕ್ಷಣ ಮಾರಬಲ್ಲ ರೂಪದಲ್ಲೇ ಇರಬೇಕೆಂದು ವಿಧಿಸಿತು.

ಅಪಾಯವನ್ನು ಮೊದಲೇ ಪತ್ತೆ ಹಚ್ಚಲು ಓದಬೇಕಾದದ್ದು ಫಂಡು ಪ್ರತಿ ತಿಂಗಳು ಹೊರಡಿಸುವ ಫ್ಯಾಕ್ಟ್‌ಶೀಟ್‌ನ ಒಂದೇ ಪುಟ. ಹಣ ಎಲ್ಲೆಲ್ಲಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ಟ್ರೆಷರಿ ಬಿಲ್ಲುಗಳು, ದೊಡ್ಡ ಬ್ಯಾಂಕುಗಳ ಹೆಸರು, ಎಲ್ಲರೂ ಬಲ್ಲ ಸಾರ್ವಜನಿಕ ಸಂಸ್ಥೆಗಳು, ಎ1+ ದರ್ಜೆ ಕಂಡರೆ ಸರಿ. ಕೇಳದ ಫೈನಾನ್ಸ್ ಕಂಪನಿಗಳ, ರಿಯಲ್ ಎಸ್ಟೇಟಿನವರ ಹೆಸರು ಸಾಲಾಗಿ ಬಂದರೆ ಪುಟ ಮುಚ್ಚಿಬಿಡಿ. ಎಲ್ಲ ಲಿಕ್ವಿಡ್ ಫಂಡುಗಳೂ ಶೇ 6 ಕೊಡುವಾಗ ಒಂದೇ ಒಂದು ಶೇ 6.6 ಕೊಟ್ಟಿದ್ದರೆ ಅದನ್ನು ಮೆಚ್ಚಿಕೊಳ್ಳುವ ಬದಲು ಅನುಮಾನಿಸಬೇಕು. ಈ ಕೆಲಸಕ್ಕೆ ಬೇಕಾದದ್ದು ಪಟ್ಟಿಯ ನಡುವಿನಲ್ಲಿರುವ, ಗಾತ್ರದಲ್ಲಿ ದೊಡ್ಡದಾದ, ಸಪ್ಪೆ ಫಂಡು.

ಇಲ್ಲೇ ಇನ್ನೊಂದು ಹೆಜ್ಜೆ ಮುಂದಿಡುವ ಆಸೆ ಹುಟ್ಟುತ್ತದೆ. ಲಿಕ್ವಿಡ್ ಪಕ್ಕದಲ್ಲೇ ಅಲ್ಟ್ರಾ ಶಾರ್ಟ್, ಲೋ ಡ್ಯುರೇಷನ್ ಎಂಬ ಹೆಸರಿನ ಫಂಡುಗಳಿರುತ್ತವೆ, ಸ್ವಲ್ಪ ಹೆಚ್ಚೇ ಗಳಿಸುತ್ತವೆ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಯೋಜನೆಗಳನ್ನು ಒಂದೇ ಏಟಿಗೆ ಮುಚ್ಚಿತು. ಅವುಗಳಲ್ಲಿ ಅಲ್ಟ್ರಾ ಶಾರ್ಟ್ ಮತ್ತು ಲೋ ಡ್ಯುರೇಷನ್ ಎರಡೂ ಇದ್ದವು. ಲಾಕ್‌ಡೌನ್‌ನಲ್ಲಿ ಸಂಬಳ ನಿಂತ ಹೊತ್ತಿಗೆ ಸರಿಯಾಗಿ ಹಣ ಸಿಕ್ಕಿಕೊಂಡಿತು. ಮೊದಲ ಕಂತು ಹೂಡಿಕೆದಾರರಿಗೆ ತಲುಪಿದ್ದು 2021ರ ಫೆಬ್ರುವರಿಯಲ್ಲಿ. ಕೊನೆಗೆ ಹಣವೆಲ್ಲ ಮರಳಿ ಬಂತು ಎಂದು ಫಂಡಿನ ಪರವಾಗಿ ಹೇಳುವವರಿದ್ದಾರೆ. ನಿಜವೇ. ಆದರೆ ಹತ್ತು ತಿಂಗಳು ತಡವಾಗಿ ಬಂದದ್ದನ್ನು ಆಪತ್ಕಾಲದ ಹಣ ಎನ್ನಲು ಬರುವುದಿಲ್ಲ.

ತೆರಿಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2023ರ ಏಪ್ರಿಲ್ ನಂತರ ಕೊಂಡ ಲಿಕ್ವಿಡ್ ಫಂಡಿನ ಲಾಭಕ್ಕೂ ಎಫ್‌ಡಿ ಬಡ್ಡಿಯಂತೆಯೇ ನಿಮ್ಮ ಆದಾಯದ ಹಂತಕ್ಕೆ ತಕ್ಕ ತೆರಿಗೆ. ಒಂದೇ ವ್ಯತ್ಯಾಸ, ಎಫ್‌ಡಿಯ ಬಡ್ಡಿಗೆ ವರ್ಷವರ್ಷವೂ ಲೆಕ್ಕ ಕೊಡಬೇಕು, ಫಂಡಿಗಾದರೆ ತೆಗೆದಾಗ ಮಾತ್ರ. ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದೊಳಗಿನ ಆದಾಯದ ನಮ್ಮ ಕುಟುಂಬಕ್ಕೆ ಎರಡರಲ್ಲೂ ತೆರಿಗೆ ಬೀಳುವುದಿಲ್ಲ. ಶೇ 30ರ ಹಂತದವರಿಗೆ ಶೇ 6 ಎಂಬುದು ಕೈಗೆ ಬರುವಾಗ ಶೇ 4ರ ಸ್ವಲ್ಪ ಮೇಲಕ್ಕೆ ನಿಲ್ಲುತ್ತದೆ. ಅಂದರೆ ಹೆಚ್ಚು ಸಂಪಾದಿಸುವವರಿಗೆ ಈ ಓಡಾಟದಿಂದ ಸಿಗುವ ಲಾಭ ಇನ್ನೂ ಕಡಿಮೆ.

ಒಟ್ಟು ಲೆಕ್ಕ ಹೀಗಾಯಿತು: ಉಳಿತಾಯ ಖಾತೆಯ 60,000ದಿಂದ 1,500, ಎಫ್‌ಡಿ ಮತ್ತು ಫಂಡು ಸೇರಿದ 1,80,000ದಿಂದ, ಎರಡಕ್ಕೂ ಶೇ 6 ಎಂದೇ ಹಿಡಿದರೆ, 10,800. ವರ್ಷಕ್ಕೆ 12,300 ರೂಪಾಯಿ. ಶನಿವಾರ ರಾತ್ರಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು ಎಂದುಕೊಳ್ಳಿ. ಆಸ್ಪತ್ರೆಗೆ ಸೇರಿಸುವಾಗ 50,000 ಮುಂಗಡವನ್ನು ಕಾರ್ಡು ಉಜ್ಜಿ ಕಟ್ಟಬಹುದು. ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆಗೆ ಇನ್ನೊಂದು ಲಕ್ಷ ಕೇಳಿದರೆ ಫೋನಿನಲ್ಲೇ ಎರಡು ಎಫ್‌ಡಿ ಮುರಿದು 50,000, ಫಂಡಿನಿಂದ ತಕ್ಷಣದ 50,000. ಯಾರ ಹತ್ತಿರವೂ ಕೈ ಚಾಚಿಲ್ಲ, ಬಳೆ ಗಿರವಿ ಇಟ್ಟಿಲ್ಲ (ಭಾನುವಾರ ಗಿರವಿ ಅಂಗಡಿ ತೆರೆದಿದ್ದರೆ ತಾನೆ!). ಇನ್ನೂ ಸುಮಾರು 90,000 ಉಳಿದಿದೆ.

ಇದೆಲ್ಲ ನಡೆಯುವುದು ಫೋನು, ಪಿನ್ನು, ಒಟಿಪಿ ಸರಿಯಾದವರ ಕೈಯಲ್ಲಿದ್ದರೆ. ಮೂಳೆ ಮುರಿದದ್ದು ಅತ್ತೆಗಾಗದೆ, ಹಣವೆಲ್ಲ ಯಾರ ಹೆಸರಲ್ಲಿದೆಯೋ ಆ ಗಂಡನೇ ಪ್ರಜ್ಞೆಯಿಲ್ಲದೆ ಮಲಗಿದ್ದರೆ? ನಾಮಿನಿ ಇದ್ದಾರಲ್ಲ ಎನ್ನುತ್ತಾರೆ. ನಾಮಿನಿಗೆ ಹಕ್ಕು ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಬದುಕಿ ಹಾಸಿಗೆಯಲ್ಲಿರುವಾಗ ನಾಮಿನಿಯ ಹೆಸರು ಒಂದು ರೂಪಾಯಿಯನ್ನೂ ಬಿಡಿಸುವುದಿಲ್ಲ. ಫಂಡಿನ ಹಣ ಹೋಗುವುದು ಮೊದಲೇ ನೋಂದಾಯಿಸಿದ ಬ್ಯಾಂಕ್ ಖಾತೆಗೆ ಮಾತ್ರ, ಒಟಿಪಿ ಬರುವುದು ಗಂಡನ ಫೋನಿಗೆ, ಫೋನಿಗೆ ಅವರ ಬೆರಳಚ್ಚಿನ ಬೀಗ. ಮನೆಯೊಡತಿಗೆ ಹಣವಿದೆಯೆಂದು ಗೊತ್ತು, ತೆಗೆಯಲು ದಾರಿಯಿಲ್ಲ. ಆದ್ದರಿಂದ ಉಳಿತಾಯ ಖಾತೆ ಜಂಟಿಯಾಗಿರಲಿ, ‘ಇಬ್ಬರಲ್ಲಿ ಒಬ್ಬರು’ ಎಂಬ ಒಪ್ಪಂದವಿರಲಿ, ಇಬ್ಬರ ಹೆಸರಿಗೂ ಬೇರೆಬೇರೆ ಡೆಬಿಟ್ ಕಾರ್ಡ್ ಇರಲಿ. ಹೊಲಿಗೆಯ ಸಂಪಾದನೆಯಿಂದ ಕೂಡಿದ 80,000ವನ್ನು ಹೆಂಡತಿ ತಮ್ಮ ಹೆಸರಲ್ಲೇ ಫಂಡಿಗೆ ಹಾಕಲಿ, ಅವರ ಬ್ಯಾಂಕ್ ಖಾತೆ, ಅವರ ಮೊಬೈಲ್ ನಂಬರು ಜೋಡಿಸಿ.

ಆಮೇಲೆ ಒಂದು ಶನಿವಾರ ರಾತ್ರಿ ಊಟ ಮುಗಿಸಿ, ಫಂಡಿನಿಂದ ಸಾವಿರ ರೂಪಾಯಿ ತಕ್ಷಣ ಬರುವಂತೆ ತೆಗೆದು ನೋಡಿ. ಎಷ್ಟು ನಿಮಿಷ ಹಿಡಿಯಿತು, ಯಾವ ಖಾತೆಗೆ ಬಂತು ಎಂದು ಬರೆದಿಟ್ಟುಕೊಳ್ಳಿ. ಎಫ್‌ಡಿ ಮುರಿಯುವ ಪುಟದವರೆಗೂ ಹೋಗಿ, ಕೊನೆಯ ಗುಂಡಿ ಒತ್ತದೆ ವಾಪಸ್ ಬನ್ನಿ. ಅಲ್ಲಿ ‘ಶಾಖೆಯನ್ನು ಸಂಪರ್ಕಿಸಿ’ ಎಂಬ ಸಾಲು ಕಂಡರೆ ಆ ಎಫ್‌ಡಿಯ ಜಾಗ ಬದಲಿಸಿ. ಈ ಪರೀಕ್ಷೆಯನ್ನು ನೀವು ಮಾಡಬೇಡಿ, ಮನೆಯಲ್ಲಿ ಹಣದ ವ್ಯವಹಾರ ನೋಡಿಕೊಳ್ಳದವರ ಕೈಯಲ್ಲಿ ಮಾಡಿಸಿ.